ಎರಡು ಕವರುಗಳಲ್ಲಿ ಹಂಚಿಹೋದ ಒಂದು ಕಾಯಿಲೆ

ಐವತ್ತು ದಾಟಿದ ಗಂಡಸರಿರುವ ಮನೆಗಳಲ್ಲಿ ಸಾಮಾನ್ಯವಾಗಿ ಕಪಾಟಿನ ಮೇಲೆ ಎರಡು ಪ್ಲಾಸ್ಟಿಕ್ ಕವರುಗಳಿರುತ್ತವೆ. ಒಂದರಲ್ಲಿ ಎಲುಬಿನ ಡಾಕ್ಟರ ಚೀಟಿ ಮತ್ತು ಎಕ್ಸ್‌ರೇ. ಇನ್ನೊಂದರಲ್ಲಿ ಶುಗರ್, ಕೊಲೆಸ್ಟರಾಲ್, ಹಿಮೋಗ್ಲೋಬಿನ್ ಬರೆದಿರುವ ಲ್ಯಾಬ್ ರಿಪೋರ್ಟುಗಳು. ಮಣಿಪಾಲಕ್ಕೆ ಹೋಗುವಾಗ ಒಂದು ಕವರು, ಊರಿನ ಡಾಕ್ಟರಲ್ಲಿಗೆ ಹೋಗುವಾಗ ಇನ್ನೊಂದು. ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿ ನೋಡುವ ಸಂದರ್ಭ ಬರುವುದೇ ಅಪರೂಪ. ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಕಡಿಮೆಯಾದಾಗ ಆಗುವ ಎರಡು ದೊಡ್ಡ ಹಾನಿಗಳಲ್ಲಿ ಒಂದಾದ ಎಲುಬಿನ ಸವೆತ ಮೊದಲ ಕವರಿನಲ್ಲಿರುತ್ತದೆ, ಇನ್ನೊಂದಾದ ರಕ್ತಹೀನತೆ ಎರಡನೆಯದರಲ್ಲಿ. ಈ ಕಾಯಿಲೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುವುದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಇದೇ.

ಟೆಸ್ಟೋಸ್ಟಿರಾನ್ ಎಂದ ಕೂಡಲೇ ಮಾತು ಲೈಂಗಿಕ ಶಕ್ತಿಯ ಕಡೆಗೆ ಹೋಗುತ್ತದೆ, ಅಲ್ಲಿಗೆ ನಾಚಿಕೆ ಬಂದು ಮಾತು ನಿಲ್ಲುತ್ತದೆ. ಆದರೆ ಈ ಹಾರ್ಮೋನು ಎಲುಬಿನ ಮಜ್ಜೆಯಲ್ಲೂ ದುಡಿಯುತ್ತದೆ, ಎಲುಬಿನಲ್ಲೂ ದುಡಿಯುತ್ತದೆ.

ಮೊದಲು ರಕ್ತ. ಹತ್ತು ವರ್ಷದ ಹುಡುಗನಿಗೂ ಹುಡುಗಿಗೂ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಒಂದೇ. ಹುಡುಗನ ಧ್ವನಿ ಒಡೆದು ಮೀಸೆ ಚಿಗುರುವ ಹೊತ್ತಿಗೆ ಅವನದು ಒಂದೆರಡು ಗ್ರಾಂ ಮೇಲೇರಿ ಅಲ್ಲೇ ನಿಲ್ಲುತ್ತದೆ. ಟೆಸ್ಟೋಸ್ಟಿರಾನ್ ಇದನ್ನು ಎರಡು ದಾರಿಯಿಂದ ಮಾಡುತ್ತದೆ. ರಕ್ತಕಣ ಹುಟ್ಟಿಸಲು ಮಜ್ಜೆಗೆ ಆದೇಶ ಕೊಡುವ ಎರಿಥ್ರೋಪೊಯಟಿನ್ ಎಂಬ ಹಾರ್ಮೋನು ಮೂತ್ರಪಿಂಡದಿಂದ ಬರುತ್ತದೆ, ಅದನ್ನು ಹೆಚ್ಚಿಸುತ್ತದೆ. ಕಬ್ಬಿಣವನ್ನು ಹೊರಬಿಡದೆ ಬೀಗ ಹಾಕುವ ಹೆಪ್ಸಿಡಿನ್ ಯಕೃತ್ತಿನಿಂದ ಬರುತ್ತದೆ, ಅದನ್ನು ತಗ್ಗಿಸುತ್ತದೆ. ಟೆಸ್ಟೋಸ್ಟಿರಾನ್ ಇಳಿದರೆ ಈ ಎರಡೂ ತಿರುಗುಮುರುಗಾಗುತ್ತವೆ. ಕಬ್ಬಿಣ ಸಾಕಷ್ಟಿದ್ದರೂ ಮಜ್ಜೆ ನಿಧಾನವಾಗುತ್ತದೆ. ಹಿಮೋಗ್ಲೋಬಿನ್ 7ಕ್ಕೋ 8ಕ್ಕೋ ಬಿದ್ದರೆ ಯಾರಾದರೂ ಗಾಬರಿಯಾದಾರು, ಆದರೆ ಇಲ್ಲಿ ಅಷ್ಟು ಬೀಳುವುದಿಲ್ಲ. 14 ಇದ್ದದ್ದು 12ರ ಆಸುಪಾಸಿಗೆ ಬಂದು ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕ ಗಂಡಸಿಗೆ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ. ಹೆಂಗಸರ ರಿಪೋರ್ಟು ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ 12.2 ಎಂಬುದು ‘ಪರವಾಗಿಲ್ಲ’ ಎಂದೇ ಕಾಣುತ್ತದೆ. ಗಂಡಸಿಗೆ ಅದು ರಕ್ತಹೀನತೆಯೇ.

ಎಲುಬಿನ ಕಥೆ ಸ್ವಲ್ಪ ಸುತ್ತುದಾರಿಯದು. ಗಂಡಸಿನ ಎಲುಬನ್ನು ಹಿಡಿದಿಡುವುದರಲ್ಲಿ ಹೆಚ್ಚಿನ ಪಾಲು ಹೆಣ್ಣಿನ ಹಾರ್ಮೋನು ಎಂದು ನಾವು ಕರೆಯುವ ಈಸ್ಟ್ರೋಜನ್ನಿನದು. ವೃಷಣದಲ್ಲಿ ತಯಾರಾದ ಟೆಸ್ಟೋಸ್ಟಿರಾನಿನ ಸಣ್ಣ ಭಾಗವನ್ನು ಕೊಬ್ಬಿನಲ್ಲೂ ಎಲುಬಿನಲ್ಲೂ ಇರುವ ಅರೊಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ ಆಗಿ ಬದಲಿಸುತ್ತದೆ, ಅದು ಎಲುಬನ್ನು ಕರಗಿಸುವ ಕೋಶಗಳಿಗೆ ಕಡಿವಾಣ ಹಾಕುತ್ತದೆ. 1994ರಲ್ಲಿ ವರದಿಯಾದ 28 ವರ್ಷದ ಒಬ್ಬನಲ್ಲಿ ಇದು ಎದ್ದು ಕಂಡಿತು. ಅವನ ಟೆಸ್ಟೋಸ್ಟಿರಾನ್ ಚೆನ್ನಾಗಿಯೇ ಇತ್ತು, ಈಸ್ಟ್ರೋಜನ್ನಿಗೆ ಮಾತ್ರ ಅವನ ದೇಹ ಸ್ಪಂದಿಸುತ್ತಿರಲಿಲ್ಲ. ಆ ವಯಸ್ಸಿನಲ್ಲೂ ಅವನು ಎತ್ತರಕ್ಕೆ ಬೆಳೆಯುತ್ತಲೇ ಇದ್ದ, ಎಲುಬು ಟೊಳ್ಳಾಗಿತ್ತು. ಟೆಸ್ಟೋಸ್ಟಿರಾನ್ ನೇರವಾಗಿ ಮಾಡುವ ಕೆಲಸವೂ ಇದೆ. ಹರೆಯದಲ್ಲಿ ಎಲುಬನ್ನು ದಪ್ಪ ಮಾಡುತ್ತದೆ, ಸ್ನಾಯುವನ್ನು ಉಳಿಸುತ್ತದೆ. ಅದು ಬತ್ತಿದಾಗ ಎಲುಬೂ ಸವೆಯುತ್ತದೆ, ಬೀಳದಂತೆ ತಡೆಯುವ ತೊಡೆಯ ಬಲವೂ ಕುಂದುತ್ತದೆ.

ಈಗ ಒಂದು ಮಾದರಿ ಪ್ರಕರಣ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಹೆಬ್ರಿ ಕಡೆಯ ಅಡಿಕೆ ಕೃಷಿಕ, ವಯಸ್ಸು 52. ಆಟಿ ತಿಂಗಳ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿ ಕುಕ್ಕರಿಸಿ ಬಿದ್ದಿದ್ದಾರೆ. ನಿಂತ ಎತ್ತರದಿಂದ ಬಿದ್ದದ್ದು ಅಷ್ಟೇ, ಮರದಿಂದಲ್ಲ. ಆರು ವಾರವಾದರೂ ಸೊಂಟದ ಮೇಲ್ಭಾಗದ ನೋವು ಹೋಗಿಲ್ಲ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಕಶೇರು ಮುಂಭಾಗದಲ್ಲಿ ಕುಸಿದು ಬೆಣೆಯಂತಾಗಿದೆ. ಬೆಲ್ಟು, ನೋವಿನ ಮಾತ್ರೆ, ಕ್ಯಾಲ್ಸಿಯಂ ಕೊಟ್ಟಾಗಿದೆ. ಇದು ಮೊದಲ ಕವರು.

ಎರಡನೆಯ ಕವರಿನಲ್ಲಿ ಎರಡು ವರ್ಷದ ರಕ್ತಪರೀಕ್ಷೆಗಳು. ಹಿಮೋಗ್ಲೋಬಿನ್ 11.4, ಮತ್ತೊಮ್ಮೆ 11.2. ಕಬ್ಬಿಣದ ಮಾತ್ರೆ ಆರು ತಿಂಗಳು ತೆಗೆದುಕೊಂಡ ಮೇಲೂ 11.3. ಅದೇ ಹಾಳೆಯ ಕೆಳಗಿನ ಸಾಲನ್ನು ಯಾರೂ ಓದಿರಲಿಲ್ಲ. ಕೆಂಪುಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 89. ಕಬ್ಬಿಣದ ಕೊರತೆಯಾದರೆ ಕಣಗಳು ಚಿಕ್ಕದಾಗಿ ಈ ಅಂಕಿ ಸಾಮಾನ್ಯವಾಗಿ 80ಕ್ಕಿಂತ ಕೆಳಗೆ ಇಳಿಯುತ್ತದೆ. ಬಿ12 ಕಡಿಮೆಯಾದರೆ ಕಣಗಳು ಉಬ್ಬಿ 100 ದಾಟುತ್ತದೆ. ಇವರ ಕಣಗಳು ಗಾತ್ರದಲ್ಲಿ ಸರಿಯಾಗಿವೆ, ಸಂಖ್ಯೆಯಲ್ಲಿ ಕಡಿಮೆ. ಫೆರಿಟಿನ್ ಮಾಡಿಸಿದರೆ 160. ಉಗ್ರಾಣದಲ್ಲಿ ಕಬ್ಬಿಣ ತುಂಬಿದೆ ಎಂದರ್ಥ. ಮಾತ್ರೆಯಿಂದ ಮಲಬದ್ಧತೆ ಬಂದದ್ದಷ್ಟೇ ಲಾಭ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ಮಲ ಕಪ್ಪಾಗುತ್ತದೆ. ಕಾರಣ ತಿಳಿಯದೆ ಕಬ್ಬಿಣ ಕೊಡುವುದರಲ್ಲಿ ಈ ಇನ್ನೊಂದು ತೊಡಕೂ ಇದೆ.

ಎರಡು ಕವರು ಒಟ್ಟಿಗೆ ಬಂದಾಗಲೂ ಅನುಭವಿ ವೈದ್ಯರ ಮನಸ್ಸಿಗೆ ಮೊದಲು ಬರಬೇಕಾದ ಹೆಸರು ಟೆಸ್ಟೋಸ್ಟಿರಾನ್ ಅಲ್ಲ, ಮೈಲೋಮಾ. ಮಜ್ಜೆಯ ಈ ಕ್ಯಾನ್ಸರ್ ಸಹ ಬೆನ್ನುಮೂಳೆ ಮುರಿಯುತ್ತದೆ, ರಕ್ತವನ್ನೂ ಕಡಿಮೆ ಮಾಡುತ್ತದೆ. ಹಾಗಾಗಿ ಸೀರಮ್ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್, ಫ್ರೀ ಲೈಟ್ ಚೈನ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡದೆ ಮುಂದೆ ಹೋಗಬಾರದು. ಕುಡಿತವನ್ನೂ ಕೇಳಬೇಕು, ಏಕೆಂದರೆ ಅದೊಂದೇ ಎಲುಬು, ಮಜ್ಜೆ, ವೃಷಣ ಮೂರನ್ನೂ ಕೆಡಿಸಬಲ್ಲದು. ನಮ್ಮ ಮಾದರಿ ಕೃಷಿಕರಲ್ಲಿ ಇವೆಲ್ಲ ಸರಿಯಾಗಿವೆ ಎಂದುಕೊಳ್ಳೋಣ. ಮೂತ್ರಪಿಂಡ ಸರಿ, ಬಿ12 ಸರಿ, ಥೈರಾಯ್ಡಿಗೆಂದು ನೋಡುವ ಟಿಎಸ್‌ಎಚ್ 2.4, ಅದೂ ಸರಿ ಎಂದೇ ಲ್ಯಾಬ್ ಹೇಳುತ್ತದೆ. ವಿಟಮಿನ್ ಡಿ ಮಾತ್ರ 16. ಬಿಸಿಲಿನಲ್ಲೇ ದುಡಿಯುವವರಲ್ಲೂ ಇದು ಕಡಿಮೆ ಇರುವುದುಂಟು.

ಇಲ್ಲಿಗೆ ಬಂದಾಗ ಟೆಸ್ಟೋಸ್ಟಿರಾನ್ ಪರೀಕ್ಷೆ ಬರೆಯುವ ಹೊತ್ತು. ತುಂಬ ಸರಳವೆಂದು ಕಾಣುವ ಈ ಪರೀಕ್ಷೆಯಷ್ಟು ತಪ್ಪು ದಾರಿ ಹಿಡಿಯುವ ಪರೀಕ್ಷೆ ಕಡಿಮೆ. ರಕ್ತ ಕೊಡಬೇಕಾದದ್ದು ಬೆಳಿಗ್ಗೆ 7ರಿಂದ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ. ಟೆಸ್ಟೋಸ್ಟಿರಾನ್ ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ, ಊಟವೂ ಅದನ್ನು ಇಳಿಸುತ್ತದೆ. ಸಕ್ಕರೆ ನೀರು ಕುಡಿಸಿ ನೋಡಿದ ಅಧ್ಯಯನದಲ್ಲಿ ಸುಮಾರು ಕಾಲುಭಾಗದಷ್ಟು ಇಳಿದದ್ದಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್, ಚಹಾ ಮುಗಿಸಿ ಹನ್ನೊಂದು ಗಂಟೆಗೆ ಲ್ಯಾಬಿಗೆ ಹೋದರೆ ಆರೋಗ್ಯವಂತನಿಗೂ ಕಾಯಿಲೆಯ ಚೀಟಿ ಅಂಟಬಹುದು. ಮಲ್ಪೆಯ ಬೋಟಿನಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಹಗಲು ಮಲಗುವವರಿಗೆ ಗಡಿಯಾರದ ಬೆಳಿಗ್ಗೆಗೆ ಅಷ್ಟು ಅರ್ಥವಿಲ್ಲ. ಅಂಥವರು ದಡದಲ್ಲಿದ್ದು ಕೆಲವು ದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿದ ಮೇಲೆ ರಕ್ತ ಕೊಡುವುದು ಒಳ್ಳೆಯದು. ಜ್ವರದ ಸಮಯದಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿರುವಾಗ ಈ ಪರೀಕ್ಷೆ ಮಾಡಿಸುವುದು ಬೇಡವೇ ಬೇಡ. ಡೆಂಗಿ, ಮಲೇರಿಯಾ, ನ್ಯುಮೋನಿಯಾ ಯಾವುದಿರಲಿ, ದೇಹ ಆ ಹೊತ್ತಿಗೆ ಟೆಸ್ಟೋಸ್ಟಿರಾನ್ ಇಳಿಸಿಬಿಡುತ್ತದೆ. ಚೇತರಿಸಿಕೊಂಡು ಕೆಲವು ವಾರ ಕಳೆಯಲಿ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಟೆಸ್ಟೋಸ್ಟಿರಾನನ್ನು ಸುಳ್ಳೇ ಹೆಚ್ಚು ತೋರಿಸುತ್ತದೆ.

ಅಂಕಿಯನ್ನು ಓದುವಾಗ ಅಳತೆಯ ಮಾನ ನೋಡಿ. ಒಂದು ಲ್ಯಾಬ್ ಡೆಸಿಲೀಟರಿಗೆ ನ್ಯಾನೋಗ್ರಾಂ ಎಂದು ಕೊಡುತ್ತದೆ, ಇನ್ನೊಂದು ಮಿಲಿಲೀಟರಿಗೆ. ಮೊದಲನೆಯದರಲ್ಲಿ 300 ಎಂದರೆ ಎರಡನೆಯದರಲ್ಲಿ 3. ಡೆಸಿಲೀಟರಿಗೆ 300ಕ್ಕಿಂತ ಕೆಳಗಿದ್ದರೆ ಕಡಿಮೆ ಎಂಬುದು ಅಮೆರಿಕದ ಮೂತ್ರಶಾಸ್ತ್ರ ತಜ್ಞರ ಸಂಘದ ಗಡಿ, ಅಲ್ಲಿನ ಎಂಡೋಕ್ರೈನ್ ಸೊಸೈಟಿ 264ನ್ನು ಆಧಾರವಾಗಿ ಇಟ್ಟುಕೊಂಡಿದೆ. ಯಾವ ಗಡಿ ಹಿಡಿದರೂ ಒಂದೇ ಪರೀಕ್ಷೆಯ ಮೇಲೆ ತೀರ್ಪು ಕೊಡುವಂತಿಲ್ಲ. ಬೇರೆ ದಿನ, ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ. 240 ಬಂದವರಿಗೆ ಮರುಪರೀಕ್ಷೆಯಲ್ಲಿ 360 ಬರುವುದು ಅಪರೂಪವೇನಲ್ಲ. ಹೊಟ್ಟೆ ಬಂದಿರುವ ಶುಗರ್ ರೋಗಿಗಳ ವಿಷಯದಲ್ಲಿ ಇನ್ನೊಂದು ತಿರುವಿದೆ. ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹೊತ್ತು ತಿರುಗುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಅವರಲ್ಲಿ ಕಡಿಮೆಯಿರುತ್ತದೆ. ಹೊರುವವನು ಕಡಿಮೆಯಾದ್ದರಿಂದ ಒಟ್ಟು ಅಂಕಿ ಇಳಿಯುತ್ತದೆ, ಕೆಲಸಕ್ಕೆ ಸಿಗುವ ಸ್ವತಂತ್ರ ಭಾಗ ಸರಿಯಾಗಿಯೇ ಇರಬಹುದು. ಗಡಿಯ ಹತ್ತಿರ ಇರುವವರಲ್ಲಿ ಎಸ್‌ಎಚ್‌ಬಿಜಿ, ಆಲ್ಬುಮಿನ್ ಅಳೆದು ಸ್ವತಂತ್ರ ಭಾಗವನ್ನು ಲೆಕ್ಕ ಹಾಕುವುದು ಇದಕ್ಕೇ. ವಯಸ್ಸಾದಂತೆ ಈ ಪ್ರೋಟೀನು ಹೆಚ್ಚುತ್ತದೆ, ಆಗ ತಪ್ಪು ಎದುರು ದಿಕ್ಕಿಗೆ ಆಗುತ್ತದೆ.

ನಮ್ಮ ಕೃಷಿಕರದು ಗಡಿಯ ತಕರಾರೇ ಅಲ್ಲ. ಡೆಸಿಲೀಟರಿಗೆ ಮೊದಲ ಸಲ 44, ಎರಡನೆಯ ಸಲ 38. ಜೊತೆಗೆ ಮಾಡಿಸಿದ ಎಲ್‌ಎಚ್ 0.9. ಇಡೀ ಪ್ರಕರಣದ ಕೀಲಿ ಇರುವುದು ಈ ಎಲ್‌ಎಚ್‌ನಲ್ಲಿ. ಎಲ್‌ಎಚ್ ಎಂದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಆದೇಶ. ವೃಷಣವೇ ಕೆಟ್ಟಿದ್ದರೆ ಪಿಟ್ಯುಟರಿ ಕೂಗಿ ಕೂಗಿ ಎಲ್‌ಎಚ್ ಮೇಲೇರಿರುತ್ತದೆ. ಇಲ್ಲಿ ಟೆಸ್ಟೋಸ್ಟಿರಾನ್ ಪಾತಾಳಕ್ಕೆ ಇಳಿದಿದ್ದರೂ ಆದೇಶವೇ ಹೊರಡುತ್ತಿಲ್ಲ. ದೋಷ ಮೇಲಿದೆ. ಈಗ ಹಳೆಯ ಪ್ರಶ್ನೆಗಳನ್ನು ಹೊಸದಾಗಿ ಕೇಳಬೇಕು. ಗಡ್ಡ ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ? ಮೊದಲು ವಾರಕ್ಕೆ ಮೂರು ಸಲ, ಈಗ ಹದಿನೈದು ದಿನಕ್ಕೊಮ್ಮೆ. ಚಳಿ ತಡೆಯುತ್ತದೆಯೇ? ಇಲ್ಲ. ಹಿಂದೆ ದೊಡ್ಡ ಕಾಯಿಲೆ ಏನಾದರೂ? ಏಳು ವರ್ಷದ ಹಿಂದೆ ತೋಟದಲ್ಲಿ ಕೊಳಕುಮಂಡಲ ಕಚ್ಚಿತ್ತು, ಎರಡು ವಾರ ಡಯಾಲಿಸಿಸ್ ಆಗಿತ್ತು, ಆಮೇಲೆ ಗುಣವಾಯಿತು.

ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸಿ ಮೂತ್ರಪಿಂಡವನ್ನು ಹಾಳುಮಾಡುವುದು ಎಲ್ಲರಿಗೂ ಗೊತ್ತು. ಅದೇ ರೀತಿ ಪಿಟ್ಯುಟರಿಯ ಸಣ್ಣ ರಕ್ತನಾಳಗಳಿಗೂ ಪೆಟ್ಟು ಬಿದ್ದು ಗ್ರಂಥಿ ಒಣಗಬಹುದು. ಮೂತ್ರಪಿಂಡ ಚೇತರಿಸಿಕೊಂಡರೂ ಪಿಟ್ಯುಟರಿ ಸಾಮಾನ್ಯವಾಗಿ ಚೇತರಿಸಿಕೊಳ್ಳುವುದಿಲ್ಲ. ಮ್ಯಾನ್ಮಾರ್, ಶ್ರೀಲಂಕಾ, ದಕ್ಷಿಣ ಭಾರತಗಳಿಂದ ಇಂಥ ವರದಿಗಳಿವೆ. ಲಕ್ಷಣಗಳು ಎದ್ದು ಕಾಣಲು ವರ್ಷಗಳೇ ಬೇಕಾಗಬಹುದು. ಅಷ್ಟರಲ್ಲಿ ಹಾವಿನ ಮಾತು ಮನೆಯವರ ನೆನಪಿನಲ್ಲಿರುತ್ತದೆ, ಚೀಟಿಯಲ್ಲಿರುವುದಿಲ್ಲ.

ಪಿಟ್ಯುಟರಿ ಕೆಟ್ಟಿದೆ ಎಂಬ ಸಂಶಯ ಬಂದ ಕೂಡಲೇ ‘ಟಿಎಸ್‌ಎಚ್ ಸರಿ ಇದೆ’ ಎಂಬ ಮಾತಿಗೆ ಬೆಲೆಯಿಲ್ಲ. ಟಿಎಸ್‌ಎಚ್ ಕಳಿಸುವುದೂ ಅದೇ ಗ್ರಂಥಿ. ಥೈರಾಯ್ಡಿನ ಹಾರ್ಮೋನಾದ ಫ್ರೀ ಟಿ4 ನೋಡಬೇಕು, ಇವರದು 0.6, ಕಡಿಮೆ. ಪಿಟ್ಯುಟರಿಯ ಆದೇಶದಿಂದ ಅಡ್ರಿನಲ್ ಗ್ರಂಥಿ ತಯಾರಿಸುವ ಹಾರ್ಮೋನಾದ ಕಾರ್ಟಿಸಾಲ್ ಬೆಳಿಗ್ಗೆ 8ಕ್ಕೆ ಡೆಸಿಲೀಟರಿಗೆ 2.5 ಮೈಕ್ರೋಗ್ರಾಂ, 3ಕ್ಕಿಂತ ಕೆಳಗೆ. ಎಂಆರ್‌ಐಯಲ್ಲಿ ಪಿಟ್ಯುಟರಿ ಕೂರುವ ಗುಣಿ ಹೆಚ್ಚುಕಡಿಮೆ ಖಾಲಿ. ರಕ್ತಹೀನತೆಗೆ ಟೆಸ್ಟೋಸ್ಟಿರಾನ್ ಒಂದೇ ಕಾರಣವಲ್ಲ, ಥೈರಾಯ್ಡ್ ಮತ್ತು ಕಾರ್ಟಿಸಾಲ್ ಕೊರತೆಯೂ ಮಜ್ಜೆಯನ್ನು ಮಂಕಾಗಿಸುತ್ತವೆ. ಎಲುಬಿನ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನಿನಲ್ಲಿ ಸೊಂಟದ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 3.1. ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಬಂದರೆ ಆಸ್ಟಿಯೋಪೊರೋಸಿಸ್. ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಎರಡು ನಿಮಿಷದಲ್ಲಿ ಮುಗಿಸುವ ಉಚಿತ ಶಿಬಿರದ ಪರೀಕ್ಷೆ ಇದಕ್ಕೆ ಬದಲಿಯಲ್ಲ ಮಾರಾಯ್ರೇ, ಆ ಹಾಳೆಯನ್ನು ಹಿಡಿದು ಔಷಧಿ ಶುರುಮಾಡುವುದೂ ಸರಿಯಲ್ಲ, ಸರಿ ಇದೆ ಎಂದು ಸುಮ್ಮನಿರುವುದೂ ಸರಿಯಲ್ಲ.

ಚಿಕಿತ್ಸೆಯಲ್ಲಿ ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ. ಮೊದಲು ಕಾರ್ಟಿಸಾಲಿನ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್, ದಿನಕ್ಕೆ 15ರಿಂದ 20 ಮಿಲಿಗ್ರಾಂ, ದೊಡ್ಡ ಪಾಲು ಬೆಳಿಗ್ಗೆ ಎದ್ದ ಕೂಡಲೇ. ಥೈರಾಕ್ಸಿನ್ ಅದರ ನಂತರವೇ. ಕಾರ್ಟಿಸಾಲ್ ಇಲ್ಲದ ದೇಹಕ್ಕೆ ಮೊದಲು ಥೈರಾಕ್ಸಿನ್ ಕೊಟ್ಟರೆ ಇದ್ದಬದ್ದ ಕಾರ್ಟಿಸಾಲೂ ಬೇಗ ಖರ್ಚಾಗಿ ರಕ್ತದೊತ್ತಡ ಕುಸಿಯಬಹುದು. ಜ್ವರ ಬಂದ ದಿನ ಹೈಡ್ರೋಕಾರ್ಟಿಸೋನ್ ಪ್ರಮಾಣ ದುಪ್ಪಟ್ಟು ಮಾಡಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನಿಗೆ ಓಡಬೇಕು. ಇದನ್ನು ಮನೆಯವರಿಗೂ ಹೇಳಿಕೊಟ್ಟಿರಬೇಕು. ಟೆಸ್ಟೋಸ್ಟಿರಾನ್ ಮೂರನೆಯದು. ಅಂಡೆಕನೋಯೇಟ್ ಎಂಬ ದೀರ್ಘಕಾಲದ ರೂಪವಾದರೆ 1000 ಮಿಲಿಗ್ರಾಂ ಪೃಷ್ಠದ ಸ್ನಾಯುವಿಗೆ, ಆರು ವಾರಕ್ಕೆ ಎರಡನೆಯದು, ಆಮೇಲೆ 10ರಿಂದ 14 ವಾರಕ್ಕೊಮ್ಮೆ. ಎಣ್ಣೆಯ ಔಷಧಿಯಾದ್ದರಿಂದ ನಿಧಾನವಾಗಿ ಚುಚ್ಚಬೇಕು, ಅರ್ಧ ಗಂಟೆ ಅಲ್ಲೇ ಕೂರಿಸಬೇಕು. ಎಣ್ಣೆ ರಕ್ತನಾಳಕ್ಕೆ ಹೋದರೆ ಕೂಡಲೇ ಕೆಮ್ಮು, ಉಸಿರುಕಟ್ಟುವಿಕೆ ಬರುತ್ತದೆ. ಶುರುಮಾಡುವ ಮೊದಲು ಪ್ರಾಸ್ಟೇಟಿನ ರಕ್ತಪರೀಕ್ಷೆಯಾದ ಪಿಎಸ್‌ಎ ಮತ್ತು ರಕ್ತದಲ್ಲಿ ಕೆಂಪುಕಣಗಳ ಪಾಲು ಹೇಳುವ ಹಿಮಟೋಕ್ರಿಟ್ ನೋಡಿರಬೇಕು. ಮಗು ಬೇಕೆನ್ನುವ ವಯಸ್ಸಿನವರಿಗೆ ಟೆಸ್ಟೋಸ್ಟಿರಾನ್ ಕೊಡಬಾರದು, ಅದು ವೀರ್ಯಾಣುಗಳನ್ನು ನಿಲ್ಲಿಸಿಬಿಡುತ್ತದೆ. ಜಿಮ್ಮಿನಲ್ಲಿ ಗುಟ್ಟಾಗಿ ಇಂಜೆಕ್ಷನ್ ಹಾಕಿಸಿಕೊಂಡ ಹುಡುಗರು ಮದುವೆಯಾದ ಮೇಲೆ ತಿಳಿದುಕೊಳ್ಳುವ ಸತ್ಯವೂ ಇದೇ.

ಹಿಮೋಗ್ಲೋಬಿನ್ ಏರಲು ಮೂರು ತಿಂಗಳಾದರೂ ಬೇಕು, ಕೆಂಪುಕಣದ ಆಯುಸ್ಸೇ ಸುಮಾರು 120 ದಿನ. ಎಲುಬಿಗೆ ಇನ್ನೂ ಹೆಚ್ಚು ಕಾಲ, ಡೆಕ್ಸಾ ಮತ್ತೆ ಮಾಡಿಸುವುದು ಒಂದೆರಡು ವರ್ಷದ ಮೇಲೆ. ಈಗಾಗಲೇ ಕಶೇರು ಕುಸಿದಿರುವುದರಿಂದ ಹಾರ್ಮೋನನ್ನೇ ನಂಬಿ ಕೂರುವಂತಿಲ್ಲ. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ 5 ಮಿಲಿಗ್ರಾಂ ಜೊಲೆಡ್ರೊನಿಕ್ ಆಸಿಡ್‌ನಂಥ ಎಲುಬಿನ ಔಷಧಿಯೂ ಬೇಕು. ಅದಕ್ಕೂ ಮೊದಲು ವಿಟಮಿನ್ ಡಿ ತುಂಬಿಸಿರಬೇಕು. 16 ಇರುವಾಗಲೇ ಡ್ರಿಪ್ ಹಾಕಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಳೆತ ಬರಬಹುದು. ಕ್ಯಾಲ್ಸಿಯಂ ದಿನಕ್ಕೆ 1000ದಿಂದ 1200 ಮಿಲಿಗ್ರಾಂ. ಇದನ್ನೆಲ್ಲ ಮಾತ್ರೆಯಿಂದಲೇ ತುಂಬಬೇಕಿಲ್ಲ, ಹಾಲು, ಮೊಸರು, ರಾಗಿ, ಮುಳ್ಳು ಸಮೇತ ಜಗಿಯುವ ಸಣ್ಣ ಮೀನು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇನ್ನು ವಯಸ್ಸು, ಬೊಜ್ಜು, ಶುಗರ್ ಸೇರಿ ಟೆಸ್ಟೋಸ್ಟಿರಾನ್ 230, 250ಕ್ಕೆ ಇಳಿದಿರುವವರು. ಸಂಖ್ಯೆಯಲ್ಲಿ ಇವರೇ ಹೆಚ್ಚು, ಜಾಹೀರಾತುಗಳ ಕಣ್ಣೂ ಇವರ ಮೇಲೆಯೇ. ಇವರಲ್ಲಿ ಔಷಧಿ ರಕ್ತವನ್ನು ಸ್ವಲ್ಪ ಏರಿಸುತ್ತದೆ. 65 ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾರಣ ಸಿಗದ ರಕ್ತಹೀನತೆ ಇದ್ದವರ ಪೈಕಿ ಟೆಸ್ಟೋಸ್ಟಿರಾನ್ ಹಚ್ಚಿಕೊಂಡ ನೂರಕ್ಕೆ 54 ಮಂದಿಗೆ ಹಿಮೋಗ್ಲೋಬಿನ್ ಒಂದು ಗ್ರಾಂ ಅಥವಾ ಹೆಚ್ಚು ಏರಿತು, ಬರೀ ಜೆಲ್ ಹಚ್ಚಿಕೊಂಡವರಲ್ಲಿ ನೂರಕ್ಕೆ 15 ಮಂದಿಗೆ ಮಾತ್ರ. ಅದೇ ಸರಣಿಯ ಇನ್ನೊಂದು ಪ್ರಯೋಗದಲ್ಲಿ ಎಲುಬಿನ ಸಾಂದ್ರತೆಯೂ ಏರಿತು. ಸರಿ, ಮುರಿತವೂ ಕಡಿಮೆಯಾಗುತ್ತದೆ ಎಂದೇ ಎಲ್ಲರೂ ಎಣಿಸಿದ್ದರು. 5,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಟ್ರಾವರ್ಸ್ ಪ್ರಯೋಗದ ಮುರಿತದ ಲೆಕ್ಕ 2024ರಲ್ಲಿ ಬಂದಾಗ ಆದದ್ದು ಉಲ್ಟಾ. ಟೆಸ್ಟೋಸ್ಟಿರಾನ್ ತೆಗೆದುಕೊಂಡವರಲ್ಲಿ ನೂರಕ್ಕೆ 3.5, ತೆಗೆದುಕೊಳ್ಳದವರಲ್ಲಿ ನೂರಕ್ಕೆ ಸುಮಾರು 2.5 ಮಂದಿಗೆ ಎಲುಬು ಮುರಿದಿತ್ತು. ಹಾಗಾಗಿ ಈ ಗುಂಪಿನವರಿಗೆ ಎಲುಬಿನ ಹೆಸರಿನಲ್ಲಿ ಟೆಸ್ಟೋಸ್ಟಿರಾನ್ ಬರೆದರೆ ನಾನು ಅನುಮಾನದಿಂದಲೇ ನೋಡುತ್ತೇನೆ. ತೂಕ ಇಳಿಸುವುದು, ಡೆಕ್ಸಾ ಕೆಟ್ಟಿದ್ದರೆ ಎಲುಬಿನದ್ದೇ ಔಷಧಿ, ಇದು ಇವರ ದಾರಿ.

ಹಾಗಾದರೆ ಎಲ್ಲ ಗಂಡಸರೂ ಹೆಲ್ತ್ ಪ್ಯಾಕೇಜಿನಲ್ಲಿ ಟೆಸ್ಟೋಸ್ಟಿರಾನ್ ಸೇರಿಸಬೇಕೇ? ಬೇಡ. ಎಂಡೋಕ್ರೈನ್ ಸೊಸೈಟಿಯೂ 2018ರಲ್ಲಿ ಬೇಡವೆಂದೇ ಹೇಳಿದೆ. ಸುಮ್ಮನೆ ಮಾಡಿಸಿದರೆ ಗಡಿಯಂಚಿನ ಅಂಕಿಗಳು ಸಿಕ್ಕಿ ಬೇಡದ ಇಂಜೆಕ್ಷನ್ ಶುರುವಾಗುತ್ತದೆ. ಆದರೆ ಕಾರಣ ತಿಳಿಯದ ರಕ್ತಹೀನತೆ, ಎಲುಬಿನ ಸವೆತ, ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ, ಕೀಮೋಥೆರಪಿ, ಪಿಟ್ಯುಟರಿಯ ತೊಂದರೆ ಇವುಗಳಲ್ಲಿ ಒಂದಿದ್ದರೂ ಬೇರೆ ಲಕ್ಷಣಕ್ಕೆ ಕಾಯದೆ ಟೆಸ್ಟೋಸ್ಟಿರಾನ್ ನೋಡುವುದನ್ನು ಪರಿಗಣಿಸಿ ಎಂದು ಅದೇ ವರ್ಷ ಮೂತ್ರಶಾಸ್ತ್ರ ತಜ್ಞರ ಸಂಘ ಹೇಳಿತು. ನಮ್ಮ ಕಡೆಯ ಪಟ್ಟಿಗೆ ಡಯಾಲಿಸಿಸ್‌ವರೆಗೆ ಹೋದ ಕೊಳಕುಮಂಡಲದ ಕಡಿತವನ್ನೂ ನಾನು ಸೇರಿಸುತ್ತೇನೆ. ಡೆಕ್ಸಾ 70 ದಾಟಿದ ಎಲ್ಲ ಗಂಡಸರಿಗೆ, ಅಪಾಯದ ಕಾರಣಗಳಿದ್ದರೆ 50ರಿಂದಲೇ. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರಿನಷ್ಟು ಕುಗ್ಗಿದ್ದರೆ ಬೆನ್ನಿನ ಪಕ್ಕದ ಎಕ್ಸ್‌ರೇ ಕೂಡ, ಏಕೆಂದರೆ ಕಶೇರು ಕುಸಿದದ್ದು ಬಹುಪಾಲು ಜನರಿಗೆ ಗೊತ್ತೇ ಆಗಿರುವುದಿಲ್ಲ.

ಪರೀಕ್ಷೆಯೇ ಬೇಕಿಲ್ಲದಷ್ಟು ಖಚಿತವಾಗಿ ಟೆಸ್ಟೋಸ್ಟಿರಾನ್ ಇಲ್ಲದ ಒಂದು ಗುಂಪೂ ಇದೆ: ಪ್ರಾಸ್ಟೇಟ್ ಕ್ಯಾನ್ಸರಿಗೆಂದು ವೃಷಣ ತೆಗೆಸಿಕೊಂಡವರು, ಇಲ್ಲವೇ ಟೆಸ್ಟೋಸ್ಟಿರಾನನ್ನು ಅಡಗಿಸುವ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವವರು. ಅವರಿಗೆ ಹಾರ್ಮೋನು ಮರಳಿ ಕೊಡುವಂತಿಲ್ಲ. ಹಿಮೋಗ್ಲೋಬಿನ್ ಒಂದು ಗ್ರಾಂನಷ್ಟು ಇಳಿಯುವುದು ನಿರೀಕ್ಷಿತ, ಅದಕ್ಕಿಂತ ಹೆಚ್ಚು ಇಳಿದರೆ ಬೇರೆ ಕಾರಣ ಹುಡುಕಬೇಕು. ಎಲುಬು ಅತಿ ವೇಗವಾಗಿ ಸವೆಯುವುದು ಮೊದಲ ವರ್ಷದಲ್ಲಿ. ಆದ್ದರಿಂದ ಡೆಕ್ಸಾ ಮಾಡಿಸಬೇಕಾದದ್ದು ಚಿಕಿತ್ಸೆ ಶುರುವಾಗುವ ಹೊತ್ತಿಗೇ, ಸೊಂಟ ಮತ್ತು ಬೆನ್ನಿನ ಜೊತೆ ಮುಂಗೈಯನ್ನೂ ಸೇರಿಸಿ. ಪಿಎಸ್‌ಎ ತೋರಿಸಲು ಹೋದಾಗ ‘ನನ್ನ ಎಲುಬಿನ ಸ್ಕ್ಯಾನ್ ಆಗಿದೆಯೇ ಡಾಕ್ಟ್ರೇ’ ಎಂದು ಕೇಳಿ. ಕ್ಯಾನ್ಸರ್ ಹರಡಿದೆಯೇ ಎಂದು ನೋಡಿದ ಬೋನ್ ಸ್ಕ್ಯಾನನ್ನು ಎಷ್ಟೋ ಸಲ ಉತ್ತರವಾಗಿ ತೋರಿಸುತ್ತಾರೆ. ಅದು ಸಾಂದ್ರತೆ ಅಳೆಯುವುದಿಲ್ಲ, ಡೆಕ್ಸಾ ಬೇರೆಯೇ.